ವಾರಗಟ್ಟಲೆ ಕಟ್ಟಿದ ಮೂಗು: ಯಾವ ಹೊಳ್ಳೆ, ಯಾವ ಹೊತ್ತು?

ಅಡಿಕೆ ಸುಲಿಯುವ ಕಾಲ ಬಂದರೆ ನಮ್ಮ ಕಾಸರಗೋಡಿನ ಕಡೆ ಮೂಗು ಕಟ್ಟಿದೆ, ಕೆನ್ನೆ ಭಾರವಾಗಿದೆ ಎನ್ನುವವರ ಸಂಖ್ಯೆಯೂ ಹೆಚ್ಚುತ್ತದೆ. ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ "ಸೈನಸ್" ಎಂದು ತಾವೇ ತೀರ್ಪು ಕೊಟ್ಟುಬಿಡುತ್ತಾರೆ. ಸೈನಸ್ ಎಂಬುದು ರೋಗದ ಹೆಸರಲ್ಲ. ಅದು ಕೆನ್ನೆ, ಹಣೆ ಮತ್ತು ಕಣ್ಣುಗಳ ನಡುವಿನ ಮೂಳೆಯೊಳಗೆ ನಮಗೆಲ್ಲರಿಗೂ ಇರುವ ಗಾಳಿಯ ಗೂಡು. ಆ ಗೂಡುಗಳು ಸಣ್ಣ ಕಂಡಿಗಳ ಮೂಲಕ ಮೂಗಿನೊಳಗೆ ತೆರೆದುಕೊಳ್ಳುತ್ತವೆ. ಕಂಡಿ ಮುಚ್ಚಿದರೆ ಮುಖ ಬಿಗಿಯುತ್ತದೆ. ಮುಚ್ಚಿದ್ದು ಕೀವಿನಿಂದಲೋ, ಅಲರ್ಜಿಯ ಊತದಿಂದಲೋ ಎಂಬುದನ್ನು ಬಿಗಿತ ಒಂದರಿಂದಲೇ ಹೇಳಲಾಗದು.

ನಾವು ಹತ್ತಿರದಿಂದ ಕಂಡ ಒಬ್ಬ ಬೆಳೆಗಾರರ ವಿಷಯವನ್ನೇ ಇಲ್ಲಿ ಹೇಳುತ್ತೇವೆ. ವಯಸ್ಸು ನಲವತ್ತೈದರ ಆಸುಪಾಸು, ಒಂದೂವರೆ ಎಕರೆ ತೋಟ. ಜನವರಿಯಲ್ಲಿ ಒಣಗಿದ ಅಡಿಕೆಯನ್ನು ಕೊಟ್ಟಿಗೆಯೊಳಗೆ ಕುಳಿತು ಸುಲಿಯತೊಡಗಿದರು. ವಾರದಲ್ಲಿ ಮೂಗು ಕಟ್ಟಿತು. ಎರಡೂ ಕೆನ್ನೆಗಳಲ್ಲಿ ಒತ್ತಡ, ಬೆಳಿಗ್ಗೆ ಎದ್ದಾಗ ಹಳದಿ ಸಿಂಬಳ. ಆರು ವಾರಗಳಲ್ಲಿ ಮೂರು ಸಲ ಐದೈದು ದಿನ ಆ್ಯಂಟಿಬಯಾಟಿಕ್ ಮಾತ್ರೆ ನುಂಗಿದರು. ಪ್ರತಿ ಸಲವೂ ಸ್ವಲ್ಪ ಕಡಿಮೆಯಾಗಿ ಮತ್ತೆ ಮೊದಲಿನಂತೆಯೇ ಆಗುತ್ತಿತ್ತು. ರಾತ್ರಿ ನಿದ್ರೆಯಿಲ್ಲದೆ, ಅಂಗಡಿಯಿಂದ ಮೂಗಿಗೆ ಬಿಡುವ ಹನಿ ತಂದು ದಿನಕ್ಕೆ ನಾಲ್ಕೈದು ಸಲ ಬಿಟ್ಟುಕೊಳ್ಳುತ್ತಿದ್ದರು.

ಕೊನೆಗೆ ಕಿವಿ-ಮೂಗು-ಗಂಟಲಿನ ವೈದ್ಯರಲ್ಲಿಗೆ ಹೋದಾಗ ಅವರು ಮೊದಲು ಕೇಳಿದ್ದು ಎಕ್ಸ್-ರೇ ಅಲ್ಲ. "ಯಾವ ಹೊಳ್ಳೆ ಕಟ್ಟುವುದು?" ಎಂದು. "ಎಡದ್ದು ಯಾವಾಗಲೂ ಸ್ವಲ್ಪ ಕಟ್ಟಿಯೇ ಇರುತ್ತದೆ ಡಾಕ್ಟ್ರೇ, ಚಿಕ್ಕಂದಿನಿಂದಲೂ. ಈಗ ಬಲದ್ದೂ ಸೇರಿದೆ," ಎಂದರು ಇವರು. ಈ ಒಂದು ಉತ್ತರದಲ್ಲಿ ಎರಡು ರೋಗಗಳ ಸುಳಿವಿತ್ತು.

ಮೂಗಿನ ನಡುಗೋಡೆ ಒಂದು ಕಡೆಗೆ ವಾಲಿದ್ದರೆ ಆ ಕಡೆಯ ಹೊಳ್ಳೆ ವರ್ಷವಿಡೀ, ಮಳೆಗಾಲ ಬೇಸಿಗೆ ಎನ್ನದೆ, ಇಕ್ಕಟ್ಟಾಗಿರುತ್ತದೆ. ಅದಕ್ಕೆ ಸೀನಿಲ್ಲ, ತುರಿಕೆಯಿಲ್ಲ. ನಮ್ಮ ಬೆಳೆಗಾರರು ಹತ್ತು ವರ್ಷದವರಿದ್ದಾಗ ಗೇರುಮರದಿಂದ ಬಿದ್ದು ಮೂಗಿಗೆ ಪೆಟ್ಟು ಮಾಡಿಕೊಂಡಿದ್ದರು. ಆದರೆ ಮೂವತ್ತೈದು ವರ್ಷ ಸುಮ್ಮನಿದ್ದ ಗೋಡೆ ಜನವರಿಯಲ್ಲಿ ಏಕಾಏಕಿ ಎರಡೂ ಹೊಳ್ಳೆಗಳನ್ನು ಮುಚ್ಚಲಾರದು. ಇನ್ನೊಂದು ಮಾತು: ನಡುಗೋಡೆ ಸ್ವಲ್ಪ ಸೊಟ್ಟಗಿರುವುದು ಬಹಳ ಜನರಲ್ಲಿ ಕಂಡುಬರುತ್ತದೆ, ಹೆಚ್ಚಿನವರಿಗೆ ಅದರಿಂದ ಏನೂ ತೊಂದರೆಯಿಲ್ಲ. ಹಾಗೆಯೇ, ಒಮ್ಮೆ ಎಡ ಒಮ್ಮೆ ಬಲ ಎಂದು ಕೆಲವು ಗಂಟೆಗಳಿಗೊಮ್ಮೆ ಬದಲಾಗುವ ಬಿಗಿತ ಆರೋಗ್ಯವಂತರ ಮೂಗಿನ ಸಹಜ ಕ್ರಮ. ಮಗ್ಗುಲಾಗಿ ಮಲಗಿದಾಗ ಕೆಳಗಿನ ಹೊಳ್ಳೆ ಕಟ್ಟುವುದೂ ಸಹಜವೇ.

ವೈದ್ಯರು ಎರಡನೆಯದಾಗಿ ಕೇಳಿದ್ದು ಹೊತ್ತನ್ನು. ಕೊಟ್ಟಿಗೆಗೆ ಹೋದ ಅರ್ಧ ಗಂಟೆಯಲ್ಲಿ ಸಾಲುಸಾಲು ಸೀನು, ಕಣ್ಣು ಮತ್ತು ಅಂಗುಳಿನ ತುರಿಕೆ, ಹಗಲಲ್ಲಿ ನೀರಿನಂತಹ ಸಿಂಬಳ. ಇದು ಅಲರ್ಜಿಯ ಗುರುತು. ಸಿಪ್ಪೆಯ ಧೂಳಿನಲ್ಲಿ, ಸರಿಯಾಗಿ ಒಣಗದ ಅಡಿಕೆಯ ಬೂಷ್ಟಿನಲ್ಲಿ ಅದಕ್ಕೆ ಬೇಕಾದದ್ದೆಲ್ಲ ಇರುತ್ತದೆ. ಹಾಗಾದರೆ ಮಾತ್ರೆ ತೆಗೆದುಕೊಂಡಾಗಲೆಲ್ಲ ಕಡಿಮೆಯಾದದ್ದು ಹೇಗೆ? ಮಾತ್ರೆಯ ದಿನಗಳಲ್ಲಿ ಮನೆಯವರು ಅವರನ್ನು ಕೊಟ್ಟಿಗೆಗೆ ಬಿಡದೆ ಒಳಗೆ ಮಲಗಿಸುತ್ತಿದ್ದರಂತೆ! ಗುಣ ಕೊಟ್ಟದ್ದು ಮಾತ್ರೆಯಲ್ಲ, ಧೂಳು ತಪ್ಪಿದ್ದು. ಹಳದಿ ಸಿಂಬಳವೂ ಕೀವಿಗೆ ಸಾಕ್ಷಿಯಲ್ಲ. ರಾತ್ರಿಯಿಡೀ ನಿಂತ ಸಿಂಬಳ ಬೆಳಿಗ್ಗೆ ಗಟ್ಟಿಯಾಗಿ ಬಣ್ಣ ತಿರುಗುವುದುಂಟು.

ನಿಜವಾದ ಸೋಂಕಿನ ನಡೆ ಬೇರೆ. ಸಾಮಾನ್ಯ ಶೀತ ಒಂದು ವಾರದಿಂದ ಹತ್ತು ದಿನದೊಳಗೆ ಇಳಿಮುಖವಾಗುತ್ತದೆ. ಹತ್ತು ದಿನ ಕಳೆದರೂ ಒಂದಿಷ್ಟೂ ಇಳಿಯದಿದ್ದರೆ, ಅಥವಾ ಐದಾರು ದಿನಕ್ಕೆ ಇಳಿದು ಪುನಃ ಜ್ವರ, ಗಟ್ಟಿ ಸಿಂಬಳ, ಕೆನ್ನೆನೋವಿನೊಂದಿಗೆ ಏರಿದರೆ ಬ್ಯಾಕ್ಟೀರಿಯಾ ಹೊಕ್ಕಿರಬಹುದು. ನೋವು ಹೆಚ್ಚಾಗಿ ಒಂದೇ ಕೆನ್ನೆಗೆ, ಆ ಕಡೆಯ ಮೇಲಿನ ಹಲ್ಲುಗಳಿಗೆ ಇಳಿಯುತ್ತದೆ. ವಾಸನೆ ತಿಳಿಯುವುದು ಕಡಿಮೆಯಾಗುತ್ತದೆ. ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬರುತ್ತಿದ್ದರೆ ದಂತವೈದ್ಯರಲ್ಲಿಯೂ ತೋರಿಸಬೇಕು. ಕೆಟ್ಟ ದವಡೆಹಲ್ಲಿನ ಬೇರು ಕೆನ್ನೆಯ ಸೈನಸ್ಸಿನ ತಳಕ್ಕೆ ತಾಗಿಕೊಂಡೇ ಇರುತ್ತದೆ.

ಬೆಳೆಗಾರರ ಮೂಗಿನೊಳಗೆ ದೀಪ ಹಿಡಿದು ನೋಡಿದಾಗ ಕೀವಿರಲಿಲ್ಲ. ನಡುಗೋಡೆ ಎಡಕ್ಕೆ ಬಾಗಿತ್ತು. ಪಕ್ಕದ ಗೋಡೆಯ ಮಾಂಸದ ಮಡಿಕೆಗಳು ಊದಿಕೊಂಡು ಬಿಳಿಚಿದ್ದವು. ಇದರ ಮೇಲೆ ಅಂಗಡಿಯ ಹನಿಯ ಉಪದ್ರವವೂ ಸೇರಿತ್ತು. ಕ್ಸೈಲೋಮೆಟಾಜೊಲಿನ್‌ನಂತಹ ಹನಿಗಳು ಐದು ನಿಮಿಷದಲ್ಲಿ ಮೂಗು ಬಿಡಿಸುತ್ತವೆ, ನಿಜ. ಆದರೆ ಐದಾರು ದಿನ ಮೀರಿ ಬಿಟ್ಟರೆ ಹನಿಯ ಬಲ ಇಳಿದೊಡನೆ ಊತ ಮೊದಲಿಗಿಂತ ಹೆಚ್ಚಾಗುತ್ತದೆ. ಆಗ ಹನಿಯೇ ರೋಗ. ವೈದ್ಯರು ಬಲಹೊಳ್ಳೆಗೆ ಮೊದಲು ನಿಲ್ಲಿಸಿ, ಒಂದು ವಾರದ ಮೇಲೆ ಎಡಕ್ಕೂ ನಿಲ್ಲಿಸಲು ಹೇಳಿದರು. ಜೊತೆಗೆ ದಿನಕ್ಕೊಮ್ಮೆ ಸ್ಟೀರಾಯ್ಡ್ ಸ್ಪ್ರೇ, ರಾತ್ರಿ ಒಂದು ಅಲರ್ಜಿ ಮಾತ್ರೆ. (ಈ ಮಾತ್ರೆಗಳಲ್ಲಿ ಕೆಲವು ತೂಕಡಿಕೆ ತರುತ್ತವೆ. ನುಂಗಿ ಅಡಿಕೆಮರ ಹತ್ತಬಾರದು.)

ಸ್ಪ್ರೇಯ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಅದನ್ನು ತಪ್ಪಾಗಿ ಬಳಸಿ "ಪ್ರಯೋಜನವಿಲ್ಲ" ಎಂದು ಎಸೆಯುವವರೇ ಹೆಚ್ಚು. ತಲೆಯನ್ನು ತುಸು ಮುಂದೆ ಬಾಗಿಸಿ, ಎಡಹೊಳ್ಳೆಗೆ ಬಲಗೈಯಿಂದ, ಬಲಹೊಳ್ಳೆಗೆ ಎಡಗೈಯಿಂದ ಹಿಡಿಯಬೇಕು. ಆಗ ತುದಿ ತಾನಾಗಿ ಕಿವಿಯ ಕಡೆಗೆ ತಿರುಗುತ್ತದೆ. ನಡುಗೋಡೆಗೆ ಹೊಡೆದರೆ ರಕ್ತ ಒಸರುವುದುಂಟು. ಜೋರಾಗಿ ಎಳೆದರೆ ಔಷಧಿ ಗಂಟಲಿಗೆ ಹೋಗುತ್ತದೆ. ಇದು ಹನಿಯಂತೆ ತಕ್ಷಣ ಕೆಲಸ ಮಾಡುವುದಲ್ಲ. ಪೂರ್ಣ ಗುಣ ಕಾಣಲು ಎರಡು ವಾರವಾದರೂ ಬಿಡದೆ ಬಳಸಬೇಕು.

ಸ್ಪ್ರೇಗೆ ಮೊದಲು ಉಪ್ಪುನೀರಿನಿಂದ ಮೂಗು ತೊಳೆದರೆ ಧೂಳು ಹೋಗುತ್ತದೆ. ಒಂದು ದೊಡ್ಡ ಲೋಟ, ಅಂದರೆ 250 ಮಿಲಿಲೀಟರ್ ನೀರಿಗೆ ಅರ್ಧ ಟೀ ಚಮಚಕ್ಕೆ ತುಸು ಕಡಿಮೆ ಉಪ್ಪು, ಒಂದು ಚಿಟಿಕೆ ಅಡಿಗೆ ಸೋಡ. ನೀರನ್ನು ಚೆನ್ನಾಗಿ ಕುದಿಸಿ ಆರಿಸಿಯೇ ಬಳಸಬೇಕು. ಬಾವಿ, ಕೆರೆಯ ಹಸಿನೀರನ್ನು ಮೂಗಿಗೆ ಏರಿಸಲೇಬಾರದು. 2024 ಮತ್ತು 2025ರಲ್ಲಿ ಕೇರಳದಲ್ಲಿ ಕಂಡುಬಂದ ಅಮೀಬಾ ಮೆದುಳುಜ್ವರದ ಅಮೀಬಾಗಳಿಗೆ ಮೂಗು ಒಂದು ಮುಖ್ಯ ದಾರಿ.

ಮೂರನೆಯ ವಾರದ ಕೊನೆಗೆ ಬಲಹೊಳ್ಳೆ ಪೂರ್ತಿ ತೆರೆಯಿತು, ಕೆನ್ನೆಯ ಭಾರ ಹೋಯಿತು. ಎಡ ಅರ್ಧಕ್ಕೇ ನಿಂತಿತು. ಅಷ್ಟು ಗೋಡೆಯ ಪಾಲು. ಗೋಡೆ ನೇರ ಮಾಡುವ ಶಸ್ತ್ರಚಿಕಿತ್ಸೆ ಅಲರ್ಜಿಯನ್ನು ಗುಣಪಡಿಸದು, ಆದ್ದರಿಂದ ಮೂರು ತಿಂಗಳು ಸ್ಪ್ರೇ ಬಳಸಿ, ಉಳಿದ ಅಡ್ಡಿ ನಿದ್ರೆ ಕೆಡಿಸಿದರೆ ಮಾತ್ರ ಯೋಚಿಸೋಣ ಎಂದರು ವೈದ್ಯರು. ಹನ್ನೆರಡು ವಾರ ದಾಟಿಯೂ ಬಿಡದ ತೊಂದರೆಗೆ ದುರ್ಬೀನು ಹಾಕಿ ನೋಡುವುದು, ಬೇಕಾದರೆ ಸಿ.ಟಿ. ಸ್ಕ್ಯಾನ್ ಮಾಡುವುದು ಕ್ರಮ. ಸಾದಾ ಎಕ್ಸ್-ರೇಯಿಂದ ಹೆಚ್ಚು ತಿಳಿಯದು.

ಇವುಗಳಿಗೆ ಮಾತ್ರ ಕಾಯಬಾರದು: ಕಣ್ಣಿನ ಸುತ್ತ ಊತ, ಎರಡೆರಡಾಗಿ ಕಾಣುವುದು, ಕುತ್ತಿಗೆ ಬಿಗಿತದೊಂದಿಗೆ ತೀವ್ರ ತಲೆನೋವು, ಒಂದೇ ಹೊಳ್ಳೆಯಿಂದ ಮತ್ತೆಮತ್ತೆ ರಕ್ತ. ಸಕ್ಕರೆ ಕಾಯಿಲೆಯವರಲ್ಲಿ ಕೆನ್ನೆ ಮರಗಟ್ಟುವುದು ಅಥವಾ ಮೂಗಿನೊಳಗೆ ಕಪ್ಪು ಹಕ್ಕಳೆ ಕಂಡರೆ ಅದೇ ದಿನ ಆಸ್ಪತ್ರೆ. 2021ರಲ್ಲಿ ಕಪ್ಪು ಶಿಲೀಂಧ್ರ ಹೀಗೆಯೇ ಆರಂಭವಾಗುತ್ತಿತ್ತು.

ಮರುವರ್ಷ ಬೆಳೆಗಾರರು ಸುಲಿಯುವ ಕೆಲಸವನ್ನು ಕೊಟ್ಟಿಗೆಯಿಂದ ಅಂಗಳಕ್ಕೆ ತಂದರು. ಧೂಳು ಏಳದಿರಲೆಂದು ಅಡಿಕೆಗೆ ನೀರು ಚಿಮುಕಿಸುವ ಹಾಗಿಲ್ಲ, ಬೂಷ್ಟು ಬರುತ್ತದೆ. ಗಾಳಿಗೆ ಬೆನ್ನು ಮಾಡಿ ಕುಳಿತರು. ಬೈರಾಸು ಸುತ್ತುವ ಬದಲು ಮೂಗಿನ ಮೇಲೆ ತಂತಿ ಒತ್ತಿ ಕೂರಿಸುವ ಎನ್-95 ಮುಖಗವಸು ಹಾಕಿಕೊಂಡರು. ಕೆಲಸ ಮುಗಿದೊಡನೆ ಸ್ನಾನ, ಸುಲಿದ ಬಟ್ಟೆ ಹೊರಗೇ. ಸುಲಿಯಲು ಶುರುಮಾಡುವ ಎರಡು ವಾರ ಮೊದಲೇ ವೈದ್ಯರ ಸಲಹೆಯಂತೆ ಸ್ಪ್ರೇ ಆರಂಭಿಸಿದ್ದರು. ಆ ವರ್ಷ ಆ್ಯಂಟಿಬಯಾಟಿಕ್ ಬೇಕಾಗಲಿಲ್ಲ. ಎಡಹೊಳ್ಳೆ ಈಗಲೂ ಸ್ವಲ್ಪ ಕಟ್ಟಿಯೇ ಇದೆ. ಅವರು ಬಲಮಗ್ಗುಲಲ್ಲಿ ಮಲಗುವುದನ್ನು ಬಿಟ್ಟು ಎಡಮಗ್ಗುಲಲ್ಲಿ ಮಲಗುತ್ತಾರೆ.