ನಿಂಬೆ ಹುಳಿಯೋ, ಕ್ಷಾರವೋ?

‘ಡಾಕ್ಟ್ರೇ, ನಿಂಬೆ ನಾಲಿಗೆಗೆ ಹುಳಿ, ಆದರೆ ಹೊಟ್ಟೆಗೆ ಹೋದ ಮೇಲೆ ಕ್ಷಾರ ಆಗುತ್ತದಂತೆ. ರಕ್ತದಲ್ಲಿರುವ ಆಮ್ಲವನ್ನೆಲ್ಲ ತೆಗೆಯುತ್ತದಂತೆ, ಹೌದಾ?’ ವಾರಕ್ಕೆ ಒಮ್ಮೆಯಾದರೂ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. ಕೇಳುವವರಲ್ಲಿ ಎದೆಯುರಿ ಇರುವವರಿದ್ದಾರೆ, ಕಿಡ್ನಿ ಕಲ್ಲಿನವರಿದ್ದಾರೆ, ಸಕ್ಕರೆ ಕಾಯಿಲೆಯವರೂ ಇದ್ದಾರೆ. ಮೂವರಿಗೂ ಉತ್ತರ ಬೇರೆ ಬೇರೆ. ಈ ಮಾತಿನಲ್ಲಿ ಒಂದು ಚೂರು ನಿಜವಿದೆ. ಆದರೆ ಆ ನಿಜ ಹೊಟ್ಟೆಯಲ್ಲೂ ಇಲ್ಲ, ರಕ್ತದಲ್ಲೂ ಇಲ್ಲ. ಅದು ಇರುವುದು ಮೂತ್ರದಲ್ಲಿ, ಅದೂ ಅಲ್ಪ ಪ್ರಮಾಣದಲ್ಲಿ.

ಆಮ್ಲ ಯಾವುದು, ಕ್ಷಾರ ಯಾವುದು ಎಂದು ತಿಳಿಯಲು ಪ್ರಯೋಗಶಾಲೆ ಬೇಕಾಗಿಲ್ಲ, ಅಡುಗೆಮನೆ ಸಾಕು. ಬಿಳಿ ಬಟ್ಟೆಗೆ ಅರಿಶಿನದ ಸಾರು ಚೆಲ್ಲಿ ಹಳದಿ ಕಲೆಯಾದಾಗ ಅದಕ್ಕೆ ಬಟ್ಟೆ ಸಾಬೂನು ತಿಕ್ಕಿದರೆ ಕಲೆ ಕೆಂಪಾಗುವುದನ್ನು ನೀವು ನೋಡಿರುತ್ತೀರಿ. ಸಾಬೂನು ಕ್ಷಾರವಾದ್ದರಿಂದ ಹಾಗಾಗುತ್ತದೆ. ಆ ಕೆಂಪಿನ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ ನೋಡಿ, ಮತ್ತೆ ಹಳದಿಗೆ ತಿರುಗುತ್ತದೆ. ಅಂದರೆ ನಿಂಬೆರಸ ಆಮ್ಲ, ಅದರಲ್ಲಿ ಅನುಮಾನವಿಲ್ಲ. ಅದರ ಪಿಎಚ್ ಸುಮಾರು 2ರಿಂದ 2.5. ಈ ಅಳತೆಯಲ್ಲಿ 7 ನಡುವಿನ ಗೆರೆ. ಅದಕ್ಕಿಂತ ಕೆಳಗಿದ್ದರೆ ಆಮ್ಲ, ಮೇಲಿದ್ದರೆ ಕ್ಷಾರ.

ಹಾಗಾದರೆ ಕ್ಷಾರದ ಮಾತು ಬಂದದ್ದೆಲ್ಲಿಂದ? ಬೂದಿಯಿಂದ. ಇಂಗ್ಲಿಷಿನ ‘ಆಲ್ಕಲಿ’ ಎಂಬ ಪದ ಅರಬಿಯ ‘ಅಲ್-ಖಿಲಿ’ಯಿಂದ ಬಂದದ್ದು. ಉಪ್ಪುನೆಲದಲ್ಲಿ ಬೆಳೆಯುವ ಕೆಲವು ಗಿಡಗಳನ್ನು ಸುಟ್ಟು ಪಡೆಯುತ್ತಿದ್ದ ಬೂದಿಗೆ ಆ ಹೆಸರು. ಸಾಬೂನು ಮಾಡಲೂ ಗಾಜು ಮಾಡಲೂ ಅದು ಬೇಕಾಗುತ್ತಿತ್ತು. ನಮ್ಮ ಅಜ್ಜಿಯಂದಿರು ಒಲೆಯ ಬೂದಿಯಿಂದ ಪಾತ್ರೆ ತಿಕ್ಕುತ್ತಿದ್ದುದೂ ಅದೇ ಗುಣಕ್ಕಾಗಿ. ಆಹಾರ ಸಂಶೋಧಕರು ಹಿಂದೆ ಆಹಾರ ವಸ್ತುಗಳನ್ನು ಸುಟ್ಟು, ಉಳಿದ ಬೂದಿಯನ್ನು ಪರೀಕ್ಷಿಸುತ್ತಿದ್ದರು. ಮಾಂಸ, ಮೊಟ್ಟೆ, ಧಾನ್ಯಗಳ ಬೂದಿ ಆಮ್ಲದ ಕಡೆಗೆ ಬಂತು. ಹಣ್ಣು ತರಕಾರಿಗಳದ್ದು ಕ್ಷಾರದ ಕಡೆಗೆ ಬಂತು, ಅವುಗಳಲ್ಲಿ ನಿಂಬೆಯೂ ಇತ್ತು.

ಇದಕ್ಕೆ ಕಾರಣ ಸರಳ. ನಿಂಬೆಯ ಹುಳಿ ಸಿಟ್ರಿಕ್ ಆಮ್ಲದ್ದು. ಬೆಂಕಿಗೆ ಬಿದ್ದರೆ ಅದು ಪೂರ್ತಿ ಉರಿದು ನೀರಾವಿಯೂ ಇಂಗಾಲದ ಡೈಆಕ್ಸೈಡೂ ಆಗಿ ಗಾಳಿಗೆ ಸೇರುತ್ತದೆ. ರಸದಲ್ಲಿದ್ದ ಪೊಟ್ಯಾಸಿಯಂನಂಥ ಲವಣಾಂಶ ಮಾತ್ರ ಉಳಿಯುತ್ತದೆ, ಅದು ಕ್ಷಾರ. ನಮ್ಮ ದೇಹದಲ್ಲೂ ಹೆಚ್ಚುಕಡಿಮೆ ಹೀಗೇ ಆಗುತ್ತದೆ, ಆದರೆ ಬೆಂಕಿಯಿಲ್ಲದೆ. ಕರುಳಿನಿಂದ ರಕ್ತಕ್ಕೆ ಸೇರಿದ ಸಿಟ್ರಿಕ್ ಆಮ್ಲವನ್ನು ಯಕೃತ್ತು ಮುಂತಾದ ಅಂಗಗಳು ಇಂಧನದಂತೆ ಬಳಸಿಬಿಡುತ್ತವೆ. ಅದರ ಡೈಆಕ್ಸೈಡ್ ಉಸಿರಿನಲ್ಲಿ ಹೊರಹೋಗುತ್ತದೆ. ಪೊಟ್ಯಾಸಿಯಂ ಜೊತೆಗಿದ್ದ ಸಣ್ಣ ಪಾಲು ಮಾತ್ರ ಕ್ಷಾರವಾಗಿ ಉಳಿಯುತ್ತದೆ. ‘ನಿಂಬೆ ದೇಹದಲ್ಲಿ ಕ್ಷಾರವಾಗುತ್ತದೆ’ ಎಂಬ ಮಾತಿನಲ್ಲಿರುವ ನಿಜ ಇಷ್ಟೇ.

ಆ ಸಣ್ಣ ಪಾಲು ಎಷ್ಟೆಂದು ಲೆಕ್ಕ ಹಾಕೋಣ. ನಮ್ಮ ಪೇಟೆಯಲ್ಲಿ ಸಿಗುವ ಒಂದು ಸಣ್ಣ ನಿಂಬೆಯಿಂದ 20 ಮಿಲಿ ರಸ ಬಂತೆನ್ನಿ. ಅದರಲ್ಲಿ ಪೊಟ್ಯಾಸಿಯಂ ಸುಮಾರು 20 ಮಿಲಿಗ್ರಾಂ. ಅದರಿಂದ ಉಳಿಯುವ ಕ್ಷಾರ ಅಡುಗೆ ಸೋಡಾದ ಲೆಕ್ಕದಲ್ಲಿ ಸುಮಾರು 40 ಮಿಲಿಗ್ರಾಂ, ಅಂದರೆ ಚಿಟಿಕೆಗಿಂತಲೂ ಕಡಿಮೆ. ಇನ್ನೊಂದು ಕಡೆ ನೋಡಿ. ಅನ್ನ, ರೊಟ್ಟಿ, ಮೀನು, ಮಾಂಸ ಉಣ್ಣುವ ವಯಸ್ಕರ ದೇಹದಲ್ಲಿ ದಿನವೂ ಉಂಟಾಗಿ ಮೂತ್ರಪಿಂಡಗಳು ಹೊರಹಾಕುವ ಆಮ್ಲವನ್ನು ಸರಿದೂಗಿಸಲು ಹೆಚ್ಚುಕಡಿಮೆ ಒಂದು ಟೀ ಚಮಚ ಸೋಡಾ ಬೇಕಾದೀತು. ಒಂದು ನಿಂಬೆ ಅದರ ನೂರರಲ್ಲೊಂದು ಪಾಲಿನಷ್ಟೂ ಇಲ್ಲ. (ಹಾಗೆಂದು ಸೋಡಾ ತಿನ್ನಲು ಹೋಗಬೇಡಿ. ಅದರ ಸೋಡಿಯಂ ರಕ್ತದೊತ್ತಡದವರಿಗೂ ಹೃದ್ರೋಗಿಗಳಿಗೂ ಕೆಡುಕು.)

ಈಗ ಹೊಟ್ಟೆಯ ವಿಷಯ. ಮೇಲೆ ಹೇಳಿದ ಬದಲಾವಣೆ ಜಠರದಲ್ಲಿ ಆಗುವುದೇ ಇಲ್ಲ. ಅಲ್ಲಿ ನಿಂಬೆ ಆಮ್ಲವಾಗಿಯೇ ಇರುತ್ತದೆ, ಮೊದಲೇ ಆಮ್ಲವಿರುವ ಜಾಗಕ್ಕೆ ಇನ್ನಷ್ಟು ಆಮ್ಲ ಸೇರುತ್ತದೆ. ಆದ್ದರಿಂದ ಎದೆಯುರಿ, ಹುಳಿತೇಗು, ಜಠರದ ಹುಣ್ಣು ಇರುವವರು ‘ಅಸಿಡಿಟಿ ತೆಗೆಯುತ್ತದೆ’ ಎಂದು ಬರಿಹೊಟ್ಟೆಗೆ ನಿಂಬೆನೀರು ಕುಡಿದರೆ ಅನೇಕರಿಗೆ ಉರಿ ಹೆಚ್ಚುತ್ತದೆ. ರಂಝಾನಿನಲ್ಲಿ ಇದು ಎದ್ದು ಕಾಣುತ್ತದೆ. ಹದಿಮೂರು ಗಂಟೆ ಖಾಲಿಯಿದ್ದ ಹೊಟ್ಟೆಗೆ ಇಫ್ತಾರಿನಲ್ಲಿ ಮೊದಲು ಹುಳಿ ಶರಬತ್ತು, ಹಿಂದೆಯೇ ಕರಿದ ತಿಂಡಿ, ಮಗ್ರಿಬ್ ಮುಗಿಯುವಷ್ಟರಲ್ಲಿ ಎದೆ ಹಿಡಿದುಕೊಳ್ಳುವುದು. ಅಂಥವರು ಖರ್ಜೂರ ಮತ್ತು ನೀರಿನಿಂದ ತೊಡಗಿ, ಏನಾದರೂ ತಿಂದ ಮೇಲೆ ತೆಳ್ಳಗಿನ ಶರಬತ್ತು ಕುಡಿಯಲಿ. ಆಗಲೂ ಉರಿದರೆ ಬಿಡಲಿ.

‘ನಿಮ್ಮ ಯುನಾನಿಯಲ್ಲೇ ನಿಂಬೆ ತಂಪು ಎಂದಿದೆಯಲ್ಲ?’ ಎಂದು ಕೇಳುವವರಿದ್ದಾರೆ. ಹೌದು, ನಿಂಬೆಯ ರಸದ ಮಿಜಾಜ್ ಬಾರಿದ್, ಅಂದರೆ ಶೀತ. ಸಫ್ರಾ ಅಂದರೆ ಪಿತ್ತ ಕೆರಳಿ ವಾಕರಿಕೆ, ಬಾಯಾರಿಕೆ, ಬಾಯಿ ಕಹಿ ಇರುವಾಗ ಹಕೀಮರು ನಿಂಬೆಯ ಶರಬತ್ತನ್ನೋ ಸಿಕಂಜಬೀನನ್ನೋ ಕೊಡುತ್ತ ಬಂದಿದ್ದಾರೆ. 12ನೇ ಶತಮಾನದಲ್ಲಿ ಸಲಾಹುದ್ದೀನ್ ಅಯ್ಯೂಬಿಯವರ ವೈದ್ಯರಾಗಿದ್ದ ಇಬ್ನ್ ಜುಮೈ ನಿಂಬೆಯ ಮೇಲೆಯೇ ಒಂದು ಗ್ರಂಥ ಬರೆದರು. ಆದರೆ ತಂಪು ಎಂದರೆ ಕ್ಷಾರ ಎಂದಲ್ಲ. ತಂಪು ಎಂಬುದು ಸೇವಿಸಿದವನ ದೇಹ ಹೇಗೆ ಸ್ಪಂದಿಸುತ್ತದೆ ಎಂಬುದರ ಹೆಸರು, ಕ್ಷಾರ ಎಂಬುದು ರಸಾಯನದ ಅಳತೆ. ಉಷ್ಣವೆಂದರೆ ಆಮ್ಲ, ತಂಪೆಂದರೆ ಕ್ಷಾರ ಎಂದು ಎರಡನ್ನೂ ಬೆಸೆದದ್ದು ಈಚಿನವರು. ನಮ್ಮ ಹಳೆಯ ಹಕೀಮರ ತಲೆಗೆ ಇದನ್ನು ಕಟ್ಟುವುದು ನ್ಯಾಯವಲ್ಲ.

ಇನ್ನು ರಕ್ತ. ಆರೋಗ್ಯವಂತರ ರಕ್ತದ ಪಿಎಚ್ 7.35 ಮತ್ತು 7.45ರ ನಡುವೆ ನಿಂತಿರುತ್ತದೆ. ಅಂದರೆ ಅದು ಮೊದಲೇ ತುಸು ಕ್ಷಾರ. ಶ್ವಾಸಕೋಶ ಮತ್ತು ಮೂತ್ರಪಿಂಡಗಳು ಅದನ್ನು ಹಗಲಿರುಳು ಕಾಯುತ್ತವೆ. ನಿಂಬೆ ಕುಡಿದರೂ ಬಿಟ್ಟರೂ ಅದು ಕದಲುವುದಿಲ್ಲ. ರಕ್ತ ನಿಜವಾಗಿಯೂ ಆಮ್ಲದತ್ತ ವಾಲುವ ಸ್ಥಿತಿಯೂ ಉಂಟು, ಆದರೆ ಅದು ಮನೆಮದ್ದಿನ ವಿಷಯವಲ್ಲ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಬಿಟ್ಟಾಗ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬುತ್ತವೆ. ವಿಪರೀತ ಬಾಯಾರಿಕೆ, ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರು, ಉಸಿರಿಗೆ ಕೊಳೆತ ಹಣ್ಣಿನಂಥ ವಾಸನೆ, ಮಂಪರು ಇವೆಲ್ಲ ಅದರ ಗುರುತು. ಇಂಥವರನ್ನು ನಿಂಬೆನೀರು ಕುಡಿಸುತ್ತ ಮನೆಯಲ್ಲಿ ಕೂರಿಸಿದರೆ ಜೀವಕ್ಕೇ ಅಪಾಯ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಒಯ್ಯಬೇಕು.

ಉಳಿದದ್ದು ಮೂತ್ರ, ನಿಂಬೆಗೆ ಕೆಲಸವಿರುವ ಜಾಗ. ಗಲ್ಫಿನಲ್ಲಿ ಹಲವು ವರ್ಷ ಲಾರಿ ಓಡಿಸಿ ಊರಿಗೆ ಮರಳಿದ್ದ ಐವತ್ತರ ಆಸುಪಾಸಿನ ಒಬ್ಬರು ಸೊಂಟದ ಪಕ್ಕ ನೋವೆಂದು ಬಂದರು. ಬಿಸಿಲಿನ ಕೆಲಸ, ಕಡಿಮೆ ನೀರು, ಎರಡು ಹೊತ್ತೂ ಮಾಂಸ. ಕಲ್ಲು ಸ್ಕ್ಯಾನಿಂಗಿನಲ್ಲಿ ಕಂಡಿತ್ತು, ಸಾಮಾನ್ಯ ಎಕ್ಸ್‌ರೇಯಲ್ಲಿ ಕಂಡಿರಲಿಲ್ಲ. ಹೀಗಾದರೆ ಯೂರಿಕ್ ಆಸಿಡ್ ಕಲ್ಲಿನ ಅನುಮಾನ ಬರುತ್ತದೆ, ಏಕೆಂದರೆ ಕ್ಯಾಲ್ಸಿಯಂ ಕಲ್ಲುಗಳು ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಮೂಡುತ್ತವೆ, ಇದು ಮೂಡುವುದಿಲ್ಲ. ಮೂತ್ರದ ಪಿಎಚ್ ನೋಡಿದರೆ 5. ಅಷ್ಟು ಆಮ್ಲದಲ್ಲಿ ಯೂರಿಕ್ ಆಸಿಡ್ ಕರಗದೆ ಹರಳುಗಟ್ಟುತ್ತದೆ. ‘ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಒಂದು ನಿಂಬೆ ಹಿಂಡಿ ಕುಡಿಯುತ್ತಿದ್ದೇನಲ್ಲ, ಮತ್ತೂ ಐದೇ ಯಾಕೆ?’ ಎಂದು ಅವರು ಕೇಳಿದರು. ಮೇಲಿನ ಚಮಚದ ಲೆಕ್ಕವನ್ನೇ ಅವರಿಗೂ ಹೇಳಿದೆ.

ಇಂಥ ಕಲ್ಲು ಕರಗಬೇಕಾದರೆ ಮೂತ್ರದ ಪಿಎಚ್ 6ರಿಂದ 6.5ರ ವರೆಗೆ ಏರಿ ಅಲ್ಲೇ ನಿಲ್ಲಬೇಕು. ಅದಕ್ಕೆ ಮದ್ದು ಪೊಟ್ಯಾಸಿಯಂ ಸಿಟ್ರೇಟ್. ನಿಂಬೆಯದೇ ಸಿಟ್ರೇಟ್, ಆದರೆ ಆಮ್ಲದ ಬದಲು ಪೊಟ್ಯಾಸಿಯಂ ಜೊತೆಗೂಡಿದ್ದು, ಹಾಗಾಗಿ ಉಳಿಯುವ ಕ್ಷಾರ ಬಹಳ ಹೆಚ್ಚು. ಅವರನ್ನು ಮೂತ್ರರೋಗ ತಜ್ಞರ ಬಳಿ ಕಳಿಸಿದೆ. ಕ್ರಿಯಾಟಿನಿನ್ ಮತ್ತು ರಕ್ತದ ಪೊಟ್ಯಾಸಿಯಂ ಪರೀಕ್ಷಿಸಿ ಮದ್ದು ಶುರುಮಾಡಿದರು. ನಾನು ಹೇಳಿದ್ದು ಎರಡೇ: ಮಾಂಸ ಒಂದು ಹೊತ್ತಿಗೆ ಇಳಿಯಲಿ, ದಿನಕ್ಕೆ ಎರಡು ಲೀಟರಿಗಿಂತ ಹೆಚ್ಚು ಮೂತ್ರ ಹೋಗುವಷ್ಟು ನೀರು ಕುಡಿಯಿರಿ. ಮೂರು ತಿಂಗಳ ನಂತರದ ಸ್ಕ್ಯಾನಿಂಗಿನಲ್ಲಿ ಕಲ್ಲು ಅರ್ಧಕ್ಕಿಂತ ಚಿಕ್ಕದಾಗಿತ್ತು. ನಿಂಬೆ ಬಿಡಿಸಲಿಲ್ಲ, ಬರಿ ನೀರು ಸೇರದವರಿಗೆ ಅದು ನೀರು ಇಳಿಸುವ ಉಪಾಯ.

ಕ್ಯಾಲ್ಸಿಯಂ ಕಲ್ಲಿನವರಲ್ಲಿ ನಿಂಬೆಯ ಪಾಲು ತುಸು ದೊಡ್ಡದು. ಮೂತ್ರಕ್ಕೆ ಇಳಿಯುವ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಹರಳುಗಟ್ಟದಂತೆ ತಡೆಯುತ್ತದೆ. 1996ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಸಿಟ್ರೇಟ್ ಕಡಿಮೆಯಿದ್ದ 12 ಕಲ್ಲಿನ ರೋಗಿಗಳಿಗೆ ದಿನಕ್ಕೆ 120 ಮಿಲಿ ನಿಂಬೆರಸವನ್ನು ಎರಡು ಲೀಟರಿನಷ್ಟು ಪಾನೀಯ ಮಾಡಿ ಕೊಟ್ಟರು. 11 ಜನರಲ್ಲಿ ಸಿಟ್ರೇಟ್ ಏರಿತು. ನಮ್ಮ ಸಣ್ಣ ನಿಂಬೆಯಲ್ಲಿ ಅದು ದಿನಕ್ಕೆ ಆರು ಎಂಬುದು ನೆನಪಿರಲಿ. ಸಕ್ಕರೆ ಸುರಿದು ಕುಡಿದರೆ ಬೇರೆ ತೊಂದರೆ.

ನಮ್ಮ ಯುನಾನಿ ಮದ್ದಿನಂಗಡಿಗಳಲ್ಲಿ ಸಿಗುವ ಜವಾಖಾರ್ ಕೂಡ ಬಾರ್ಲಿಯ ಗಿಡ ಸುಟ್ಟ ಬೂದಿಯಿಂದ ತೆಗೆದ ಕ್ಷಾರವೇ. ಕಲ್ಲಿಗೂ ಮೂತ್ರಕಟ್ಟಿಗೂ ಹಕೀಮರು ಕೊಡುವ ಮದ್ದು. ಅದನ್ನು ಸ್ವಂತ ಲೆಕ್ಕದಲ್ಲಿ ತಿನ್ನಬೇಡಿ. ಮೂತ್ರದ ಪಿಎಚ್ 7 ದಾಟಿ ನಿಂತರೆ ಇನ್ನೊಂದು ಬಗೆಯ ಕ್ಯಾಲ್ಸಿಯಂ ಕಲ್ಲು ಕಟ್ಟಬಹುದು. ಕಿಡ್ನಿ ಸೋತವರಿಗೆ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪಬಹುದು.

ಕೆಲವರು ಪಿಎಚ್ ಪಟ್ಟಿ ತರಿಸಿ ಮನೆಯಲ್ಲೇ ಮೂತ್ರ ನೋಡಿ, ‘ನಿಂಬೆ ಕುಡಿದ ಮೇಲೆ ದೇಹ ಕ್ಷಾರವಾಯಿತು’ ಎನ್ನುತ್ತಾರೆ. ಪಟ್ಟಿ ತೋರಿಸುವುದು ದೇಹ ಹೊರಗೆ ಎಸೆದದ್ದನ್ನು, ಒಳಗೆ ಇಟ್ಟುಕೊಂಡದ್ದನ್ನಲ್ಲ. ಊಟವಾದ ಒಂದೆರಡು ಗಂಟೆಯಲ್ಲಿ ನಿಂಬೆ ಇಲ್ಲದೆಯೂ ಮೂತ್ರ ಕ್ಷಾರದತ್ತ ತಿರುಗುವುದುಂಟು, ಜಠರ ಆಮ್ಲ ಸುರಿಸುವಾಗ ರಕ್ತಕ್ಕೆ ಅಷ್ಟೇ ಕ್ಷಾರ ಸೇರುವುದರಿಂದ. ಕಲ್ಲಿನವರು ಪಟ್ಟಿ ಬಳಸುವುದಾದರೆ ಬೆಳಿಗ್ಗೆ ಎದ್ದಾಗ ಒಮ್ಮೆ, ಸಂಜೆ ಊಟಕ್ಕೆ ಮುಂಚೆ ಒಮ್ಮೆ, ವಾರವಿಡೀ ಬರೆದಿಟ್ಟು ವೈದ್ಯರಿಗೆ ತೋರಿಸಲಿ.

ಹಲ್ಲಿನ ಮಾತೊಂದು ಬಾಕಿ. ನಿಂಬೆ ಎಲ್ಲಿ ಕ್ಷಾರವಾದರೂ ಬಾಯಲ್ಲಂತೂ ಆಗುವುದಿಲ್ಲ. ಅದು ಹಲ್ಲಿನ ಹೊರಕವಚವನ್ನು ಮೆದುಗೊಳಿಸುತ್ತದೆ. ಕುಡಿದ ಕೂಡಲೇ ಬರಿ ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಟ್ಟು ಬ್ರಷ್ ಮಾಡಿ.