ಕ್ಯೂಬ್ ಫೇಲಾದರೆ ಪಿಲ್ಲರ್ ಒಡೆಯಬೇಕೆ?

ಮೈಸೂರಿನ ಹೊರವಲಯದ ಅಪಾರ್ಟ್‌ಮೆಂಟ್ ಒಂದರಲ್ಲಿ ಗುಣಮಟ್ಟ ನೋಡಿಕೊಳ್ಳುವ ಇಂಜಿನಿಯರ್ ಆಗಿ ನಾನು ಕೆಲಸ ಮಾಡುತ್ತಿದ್ದಾಗ, ಎರಡನೇ ಮಹಡಿಯ 14 ಪಿಲ್ಲರ್‌ಗಳ ಕಾಂಕ್ರೀಟು 28ನೇ ದಿನದ ಪರೀಕ್ಷೆಯಲ್ಲಿ ಫೇಲಾಯಿತು. ಅಷ್ಟು ಹೊತ್ತಿಗೆ ಅವುಗಳ ಮೇಲೆ ಮೋಲ್ಡ್ ಹಾಕಿ ಆಗಿತ್ತು. ಮುಂದಿನ ಮಹಡಿಯ ಕಬ್ಬಿಣ ಕಟ್ಟುವ ಕೆಲಸವೂ ಶುರುವಾಗಿತ್ತು. ಕೆಲಸ ನಿಂತಿತು, ಮನೆ ಹಸ್ತಾಂತರ ತಡವಾಯಿತು. ಮನೆ ಕಟ್ಟಿಸುವವರು, ಫ್ಲಾಟ್ ಕೊಳ್ಳುವವರು ತಿಳಿದಿರಬೇಕಾದ ಸಂಗತಿ ಅದರಲ್ಲಿ ಇರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕಾಂಕ್ರೀಟು ಸುರಿಯುವ ದಿನ ಅದೇ ಮಾಲನ್ನು 15 ಸೆಂಟಿಮೀಟರ್ ಅಳತೆಯ ಕಬ್ಬಿಣದ ಅಚ್ಚುಗಳಿಗೆ ತುಂಬುತ್ತೇವೆ. ಮರುದಿನ ಅಚ್ಚು ಬಿಚ್ಚಿ, ಆ ಕ್ಯೂಬ್‌ಗಳನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿಡುತ್ತೇವೆ. 7ನೇ ದಿನ ಮೂರು, 28ನೇ ದಿನ ಮೂರು ಕ್ಯೂಬ್‌ಗಳನ್ನು ಯಂತ್ರದಲ್ಲಿ ಒಡೆದು, ಎಷ್ಟು ಭಾರಕ್ಕೆ ಪುಡಿಯಾದವು ಎಂದು ಬರೆದುಕೊಳ್ಳುತ್ತೇವೆ. ನಮ್ಮ ಪಿಲ್ಲರ್‌ಗಳಿಗೆ ನಿಗದಿಯಾಗಿದ್ದದ್ದು ಎಂ30 ಕಾಂಕ್ರೀಟು. ಅಂದರೆ ಕ್ಯೂಬ್ ಸುಮಾರು 69 ಟನ್ ತಾಳಬೇಕು. ಐಎಸ್ 456 ಎಂಬ ಭಾರತೀಯ ಮಾನಕದ ಪ್ರಕಾರ ಒಂದು ಮಾದರಿಯ ಸರಾಸರಿ ಯಾವ ಕಾರಣಕ್ಕೂ 62 ಟನ್‌ಗಿಂತ ಕೆಳಗೆ ಬರುವಂತಿಲ್ಲ. ನಮ್ಮ ಮೂರು ಕ್ಯೂಬ್‌ಗಳು 58, 57 ಮತ್ತು 56 ಟನ್‌ಗೆ ಒಡೆದಿದ್ದವು.

ಸೈಟಿನ ಮೀಟಿಂಗ್‌ನಲ್ಲಿ ಎರಡು ಮಾತು ಬಂದವು. ಕಾಂಟ್ರಾಕ್ಟರ್ ಕಡೆಯವರು ಲ್ಯಾಬಿನ ಯಂತ್ರವೇ ಸರಿಯಿಲ್ಲ ಎಂದರು. ಮಾಲೀಕರು ಗಾಬರಿಯಿಂದ ಎಲ್ಲ ಪಿಲ್ಲರ್‌ಗಳನ್ನೂ ಒಡೆಸಿಬಿಡೋಣ ಎಂದರು. ಎರಡಕ್ಕೂ ನಾನು ಒಪ್ಪಲಿಲ್ಲ. ಅದೇ ದಿನ ಅದೇ ಯಂತ್ರದಲ್ಲಿ ಒಡೆದ ಬೇರೆ ಕ್ಯೂಬ್‌ಗಳು ಪಾಸಾಗಿದ್ದವು. ಕ್ಯೂಬ್ ಸರಿಯಾಗಿ ತುಂಬದಿದ್ದರೆ ಸಾಮಾನ್ಯವಾಗಿ ಒಂದರ ಫಲಿತಾಂಶ ಉಳಿದೆರಡರಿಂದ ದೂರ ಸರಿಯುತ್ತದೆ. ಇಲ್ಲಿ ಮೂರೂ ಹತ್ತಿರ ಹತ್ತಿರ ಇದ್ದವು. ತೊಟ್ಟಿಯ ದಾಖಲೆಯೂ ಸರಿಯಿತ್ತು. ಹಾಗಾಗಿ ದೋಷ ಇದ್ದದ್ದು ಮಾಲಿನಲ್ಲೇ. ಆದರೆ ಆ ಮೂರು ಕ್ಯೂಬ್‌ಗಳು 14 ಪಿಲ್ಲರ್‌ಗಳಲ್ಲಿ ಯಾವುದರ ಪರವಾಗಿ ಸಾಕ್ಷಿ ಹೇಳುತ್ತಿವೆ ಎಂಬುದು ಗೊತ್ತಾಗದೆ ಒಂದೂ ಪಿಲ್ಲರ್ ಮುಟ್ಟುವಂತಿರಲಿಲ್ಲ.

ಮೊದಲು ಮೇಲಿನ ಮಹಡಿಯ ಕೆಲಸ ನಿಲ್ಲಿಸಿ, ಮೋಲ್ಡಿನ ಕೆಳಗೆ ಪ್ರಾಪ್‌ಗಳನ್ನು ಮತ್ತೆ ಕೊಡಿಸಿದೆವು. ಕಟ್ಟಡ ಇನ್ನೂ ಮೇಲೇಳದ ಕಾರಣ ಪಿಲ್ಲರ್‌ಗಳ ಮೇಲೆ ಬೀಳುತ್ತಿದ್ದದ್ದು ಕೊನೆಗೆ ಅವು ಹೊರಬೇಕಾದ ಭಾರದಲ್ಲಿ ಸಣ್ಣ ಪಾಲು ಮಾತ್ರ. ಭಾರ ಹೆಚ್ಚಿಸದಿದ್ದರೆ ಪರೀಕ್ಷೆಗೆ ಸಮಯ ಸಿಗುತ್ತದೆ ಎಂಬುದು ನಮ್ಮ ಲೆಕ್ಕವಾಗಿತ್ತು.

ಆಮೇಲೆ ರೆಡಿಮಿಕ್ಸ್ ಲಾರಿಯ ಚಲನ್ ತೆಗೆದು ನೋಡಿದೆವು. ಪ್ಲಾಂಟಿನಲ್ಲಿ ಮಾಲು ಕಲಸಿದ ಸಮಯ, ಸೈಟಿಗೆ ಬಂದ ಸಮಯ ಎರಡೂ ಅದರಲ್ಲಿರುತ್ತವೆ. ಸಾಮಾನ್ಯವಾಗಿ ನೀರು ಬೆರೆಸಿದ ಎರಡು ಗಂಟೆಯೊಳಗೆ ಮಾಲು ಖಾಲಿಯಾಗಬೇಕು. ನಮಗೆ ಬಂದದ್ದು ಆರು ಕ್ಯೂಬಿಕ್ ಮೀಟರಿನ ಒಂದೇ ಲಾರಿ. ಪಿಲ್ಲರ್‌ಗೆ ಮಾಲನ್ನು ಬಾಂಡ್ಲಿಯಲ್ಲಿ ಹೊತ್ತು ಸುರಿದು, ಹಂತ ಹಂತವಾಗಿ ವೈಬ್ರೇಟರ್ ಬಿಡಬೇಕು. ದಾರಿಯಲ್ಲೇ ಒಂದು ಗಂಟೆ ಕಳೆದಿದ್ದ ಲಾರಿ ಅರ್ಧ ಖಾಲಿಯಾಗುವಷ್ಟರಲ್ಲಿ ಎರಡು ಗಂಟೆ ದಾಟಿತ್ತು.

ಮೇಸ್ತ್ರಿಯನ್ನು ಕೂರಿಸಿ ನಿಧಾನವಾಗಿ ಕೇಳಿದೆ. "ಎಂಟು ಪಿಲ್ಲರ್ ಆಗೋಷ್ಟರಲ್ಲಿ ಮಾಲು ಗಟ್ಟಿಯಾಗ್ಬಿಟ್ಟಿತ್ತು ಸಾರ್. ಸೆಂಟ್ರಿಂಗ್ ಒಳಗೆ ಇಳೀತಾನೇ ಇರ್ಲಿಲ್ಲ. ಪೈಪ್ ಹಿಡಿದು ಡ್ರಮ್‌ಗೆ ನೀರು ಬಿಟ್ವಿ" ಎಂದರು. ಹೇಳಿದ್ದಕ್ಕೆ ಅವರ ಕೂಲಿ ಹಿಡಿಯಬಾರದೆಂದು ಮೊದಲೇ ಮಾತನಾಡಿಕೊಂಡಿದ್ದೆವು. ಇಲ್ಲದಿದ್ದರೆ ಈ ಮಾತು ಹೊರಬರುತ್ತಿರಲಿಲ್ಲ. ಸಿಮೆಂಟು ಅಷ್ಟೇ ಇದ್ದು ನೀರು ಹೆಚ್ಚಾದರೆ, ಸಿಮೆಂಟಿಗೆ ಬೇಡದ ನೀರು ಮುಂದೆ ಆರಿಹೋಗಿ, ಅದಿದ್ದ ಜಾಗದಲ್ಲಿ ಕಣ್ಣಿಗೆ ಕಾಣದ ಪೊಳ್ಳುಗಳು ಉಳಿಯುತ್ತವೆ. ಮಾಲು ಸಲೀಸಾಗಿ ಇಳಿಯುತ್ತದೆ, ಪಿಲ್ಲರ್ ನೋಡುವುದಕ್ಕೂ ನುಣುಪಾಗಿರುತ್ತದೆ, ಶಕ್ತಿ ಮಾತ್ರ ಕಡಿಮೆಯಾಗಿರುತ್ತದೆ.

ಕ್ಯೂಬ್ ತುಂಬಿದ್ದು ನೀರು ಬಿಟ್ಟ ಮೇಲೆ. ಲಾರಿ ಬಂದ ಕೂಡಲೇ ತುಂಬಿದ್ದರೆ ಮೂರೂ ಪಾಸಾಗುತ್ತಿದ್ದವು, ಕೊನೆಯ ಆರು ಪಿಲ್ಲರ್‌ಗಳ ವಿಷಯ ಯಾರಿಗೂ ತಿಳಿಯುತ್ತಿರಲಿಲ್ಲ.

ಮೇಸ್ತ್ರಿಯ ಮಾತನ್ನು ಪಿಲ್ಲರ್‌ಗಳ ಮೇಲೇ ಪರೀಕ್ಷಿಸಬೇಕಿತ್ತು. ರಿಬೌಂಡ್ ಹ್ಯಾಮರ್ ಎಂಬ ಸಣ್ಣ ಉಪಕರಣವನ್ನು ಪಿಲ್ಲರ್‌ಗೆ ಒತ್ತಿದರೆ ಒಳಗಿನ ಗುಂಡು ಬಡಿದು ಹಿಂದಕ್ಕೆ ಪುಟಿಯುತ್ತದೆ. ಪುಟಿತ ಹೆಚ್ಚಿದಷ್ಟೂ ಮೇಲ್ಮೈ ಗಟ್ಟಿ. ಇದರಿಂದ ಹೇಳುವ ಶಕ್ತಿ ಶೇ. 25ರಷ್ಟು ಆಚೀಚೆ ಆಗಬಹುದು. ಆದ್ದರಿಂದ ಅದನ್ನೇ ತೀರ್ಪು ಎಂದುಕೊಳ್ಳಬಾರದು. ಯಾವ ಪಿಲ್ಲರ್ ಪಕ್ಕದ್ದಕ್ಕಿಂತ ಮೆತ್ತಗಿದೆ ಎಂದು ಬೇರ್ಪಡಿಸಲು ಮಾತ್ರ ಬಳಸಿದೆವು. ಮೊದಲ ಎಂಟರಲ್ಲಿ ಅಂಕಿ 38ರಿಂದ 41, ಕೊನೆಯ ಆರರಲ್ಲಿ 31ರಿಂದ 34 ಬಂತು. ಮೇಸ್ತ್ರಿಯ ಮಾತಿಗೂ ಇದಕ್ಕೂ ತಾಳೆಯಾಯಿತು.

ತೀರ್ಪಿಗಾಗಿ ಕೋರ್ ತೆಗೆಸಿದೆವು. ಒಳಗಿನ ಕಂಬಿ ಎಲ್ಲಿದೆ ಎಂದು ಗುರುತು ಮಾಡಿಕೊಂಡು, ಕಂಬಿ ಕತ್ತರಿಸದಂತೆ ಸಿಲಿಂಡರಿನಾಕಾರದ ತುಂಡನ್ನು ಕೊರೆದು ತೆಗೆದು ಲ್ಯಾಬಿನಲ್ಲಿ ಒಡೆಯುತ್ತಾರೆ. ಕನಿಷ್ಠ ಮೂರು ಕೋರ್ ಬೇಕು. ಅವುಗಳ ಸರಾಸರಿ ನಿಗದಿತ ಶಕ್ತಿಯ ಶೇ. 85 ಇದ್ದು, ಯಾವುದೂ ಶೇ. 75ಕ್ಕಿಂತ ಕೆಳಗಿರದಿದ್ದರೆ ಐಎಸ್ 456 ಒಪ್ಪುತ್ತದೆ. ತೊಟ್ಟಿಯಲ್ಲಿ ಮುಳುಗಿದ್ದ ಕ್ಯೂಬಿನಷ್ಟು ಆರೈಕೆ ಪಿಲ್ಲರ್‌ಗೆ ಸಿಗುವುದಿಲ್ಲ ಎಂಬ ಕಾರಣಕ್ಕೆ ಈ ರಿಯಾಯಿತಿ. ಮೊದಲ ಎಂಟರ ಕೋರ್‌ಗಳು ಶೇ. 100 ದಾಟಿದವು. ಕೊನೆಯ ಆರರವು ಶೇ. 86, 80 ಮತ್ತು 77 ಬಂದು ಸರಾಸರಿ 81ಕ್ಕೆ ನಿಂತಿತು. ಅಂದರೆ ಸ್ವಲ್ಪದರಲ್ಲೇ ಫೇಲು.

ಸ್ಟ್ರಕ್ಚರಲ್ ಇಂಜಿನಿಯರ್ ಕೋರ್‌ನಲ್ಲಿ ಸಿಕ್ಕ ಶಕ್ತಿಯನ್ನೇ ಹಿಡಿದು ಆ ಆರು ಪಿಲ್ಲರ್‌ಗಳ ಲೆಕ್ಕ ಮತ್ತೆ ಮಾಡಿದರು. ಅಂಚಿನಲ್ಲಿದ್ದ ನಾಲ್ಕಕ್ಕೆ ಭಾರ ಕಡಿಮೆ, ಹಾಗಾಗಿ ಅವು ಸುರಕ್ಷಿತ ಎಂದಾಯಿತು. ನಡುವಿನ ಎರಡಕ್ಕೆ ಸುತ್ತಲೂ ಹೊಸ ಕಂಬಿ ಕಟ್ಟಿ 10 ಸೆಂಟಿಮೀಟರ್ ದಪ್ಪದ ಕಾಂಕ್ರೀಟಿನ ಕವಚ ಹಾಕಬೇಕಾಯಿತು. ಇದಕ್ಕೆ ಜಾಕೆಟಿಂಗ್ ಎನ್ನುತ್ತಾರೆ. ಹಳೆಯ ಮೈಯನ್ನು ಕೆತ್ತಿ ಒರಟು ಮಾಡದಿದ್ದರೆ ಹೊಸದು ಹಳೆಯದನ್ನು ಹಿಡಿಯುವುದಿಲ್ಲ. ಎರಡು ಫ್ಲಾಟ್‌ಗಳ ಹಾಲ್‌ನಲ್ಲಿ ಪಿಲ್ಲರ್ ದಪ್ಪವಾಗಿ ಕಾಣುತ್ತದೆ. ಅದರ ಕಾರಣವನ್ನು ಕೊಳ್ಳುವವರಿಗೆ ಬರವಣಿಗೆಯಲ್ಲಿ ತಿಳಿಸಲಾಯಿತು.

ಈಗ ಪಿಲ್ಲರ್‌ಗೆ ಮೂರು ಕ್ಯೂಬಿಕ್ ಮೀಟರಿನ ಎರಡು ಲಾರಿಗಳನ್ನು ಅಂತರ ಬಿಟ್ಟು ತರಿಸುತ್ತೇವೆ. ಮಾಲು ಗಟ್ಟಿಯಾದರೆ ನೀರಿಲ್ಲ. ಪ್ಲಾಂಟಿನ ತಂತ್ರಜ್ಞರು ಬಂದು ಅಳತೆ ಮಾಡಿ ಅಡ್‌ಮಿಕ್ಸ್ಚರ್ ಹಾಕುತ್ತಾರೆ, ಇಲ್ಲವೇ ಲಾರಿ ವಾಪಸ್ ಹೋಗುತ್ತದೆ. 7ನೇ ದಿನದ ಫಲಿತಾಂಶಕ್ಕೂ ಬೆಲೆ ಕೊಡುತ್ತೇವೆ. ಆ ಹೊತ್ತಿಗೆ ಸಾಮಾನ್ಯವಾಗಿ ಮೂರನೇ ಎರಡು ಪಾಲು ಶಕ್ತಿ, ಅಂದರೆ ಸುಮಾರು 46 ಟನ್ ಬರಬೇಕು. ನಮ್ಮದು 38 ಬಂದಿತ್ತು. 28 ದಿನ ನೋಡೋಣ ಎಂದು ಮೇಲಿನವರು ಮೋಲ್ಡಿಗೆ ಒಪ್ಪಿಗೆ ಕೊಟ್ಟಿದ್ದರು. ಈಗ ಅಂಥ ಅಂಕಿ ಬಂದರೆ ಹ್ಯಾಮರ್ ಪರೀಕ್ಷೆ ಆಗುವವರೆಗೆ ಮೇಲಿನ ಕೆಲಸ ಇಲ್ಲ.

ನೀವು ಮನೆ ಕಟ್ಟಿಸುತ್ತಿದ್ದರೆ ಲಾರಿ ಬಂದಾಗ ಚಲನ್‌ನಲ್ಲಿರುವ ಸಮಯ ನೋಡಿ. ಡ್ರಮ್‌ಗೆ ಪೈಪ್ ಹಿಡಿಯಲು ಬಿಡಬೇಡಿ. ಒಂದು ಸೆಟ್ ಕ್ಯೂಬನ್ನಾದರೂ ಲಾರಿ ಅರ್ಧ ಖಾಲಿಯಾದ ಮೇಲೆ ತುಂಬಿಸಿ. ಯಾವ ಪಿಲ್ಲರ್‌ಗೆ ಎಷ್ಟು ಹೊತ್ತಿಗೆ ಮಾಲು ಬಿತ್ತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಡಿ.