ಗೋಬರ್ ಗ್ಯಾಸ್ ಗುಂಡಿಯ ನಿಧಾನಿಗಳು

ನಾಲ್ಕೈದು ದನಗಳಿರುವ ಕೊಟ್ಟಿಗೆಯಲ್ಲಿ ದಿನಕ್ಕೆ 50 ಕಿಲೋ ಆಸುಪಾಸು ಸಗಣಿ ಸಿಗುತ್ತದೆ. ಅದಕ್ಕೆ ಅಷ್ಟೇ ನೀರು ಬೆರೆಸಿ, ಗಂಟು ಒಡೆದು, ಹುಲ್ಲುಕಡ್ಡಿ ಆರಿಸಿ ತೆಗೆದು ಗುಂಡಿಗೆ ಬಿಟ್ಟರೆ ದಿನವೂ ಎರಡು ಘನ ಮೀಟರಿನಷ್ಟು ಗ್ಯಾಸ್ ಬರುತ್ತದೆ. ಒಂದು ಮನೆಯ ಎರಡು ಹೊತ್ತಿನ ಅಡುಗೆಗೆ ಇಷ್ಟು ಸಾಕು. ಸಿಲಿಂಡರಿನ ಲೆಕ್ಕ ಹಾಕಿದರೆ 14.2 ಕಿಲೋದ ಒಂದು ಸಿಲಿಂಡರು ಕೊಡುವ ಶಾಖವನ್ನು ಈ ಗುಂಡಿ ಹದಿನಾರು ಹದಿನೇಳು ದಿನಗಳಲ್ಲಿ ಕೊಡುತ್ತದೆ.

ಈ ಎರಡು ಘನ ಮೀಟರ್ ಗ್ಯಾಸಿನ ತೂಕ ಎರಡೂಕಾಲು ಕಿಲೋ ಮಾತ್ರ. ಉಳಿದದ್ದೆಲ್ಲ ಬಗ್ಗಡವಾಗಿ ಆಚೆ ಬಾಯಿಂದ ಹೊರಬಂದು ತೋಟಕ್ಕೆ ಹೋಗುತ್ತದೆ. ಮೇವಿನಲ್ಲಿ ಸುಲಭವಾಗಿ ಕರಗುವುದನ್ನೆಲ್ಲ ಹಸು ಮೊದಲೇ ತನ್ನದು ಮಾಡಿಕೊಂಡಿರುತ್ತದೆ, ಗುಂಡಿಗೆ ಬರುವುದು ಬಹುಪಾಲು ನಾರು. ಹಾಗಾಗಿ 50 ಕಿಲೋ ಸಗಣಿ ಹಾಕಿದೆವೆಂದರೆ ಒಳಗಿನ ಜೀವಿಗಳಿಗೆ ಎರಡೂಕಾಲು ಕಿಲೋದಷ್ಟೇ ಕೆಲಸ ಕೊಟ್ಟಂತೆ. ಗುಂಡಿ ಯಾಕೆ ಕೆಡುತ್ತದೆ ಎಂದು ತಿಳಿಯಬೇಕಾದರೆ ಈ ಲೆಕ್ಕ ನೆನಪಿರಬೇಕು.

ಕರ್ನಾಟಕದ ಹಳ್ಳಿಗಳಲ್ಲಿ ಕಾಣುವ ಗುಂಡಿಗಳಲ್ಲಿ ಹಲವು ದೀನಬಂಧು ಮಾದರಿಯವು. 1984ರಲ್ಲಿ ರೂಪುಗೊಂಡ ಈ ಮಾದರಿಯಲ್ಲಿ ಇಟ್ಟಿಗೆಯ ಗುಮ್ಮಟ ನೆಲದಡಿಯಲ್ಲೇ ಇರುತ್ತದೆ, ಅಲುಗಾಡುವ ಭಾಗ ಒಂದೂ ಇಲ್ಲ. ಮೇಲೆ ಸೇರಿದ ಗ್ಯಾಸ್ ಬಗ್ಗಡವನ್ನು ಒತ್ತುತ್ತದೆ, ಆ ಒತ್ತಡವೇ ಗ್ಯಾಸನ್ನು ಒಲೆಯವರೆಗೆ ತಳ್ಳುತ್ತದೆ. ಇವತ್ತು ಹಾಕಿದ ಸಗಣಿ ಹೊರಬರಲು ಸುಮಾರು 40 ದಿನ ಬೇಕು. ದಿನಕ್ಕೆ 100 ಲೀಟರ್ ಕದಡು ಹೋಗುವ ಮನೆಯಲ್ಲಿ ಗುಂಡಿಯೊಳಗೆ 4,000 ಲೀಟರ್ ಬಗ್ಗಡ ಸದಾ ನಿಂತಿರುತ್ತದೆ. ಇಷ್ಟು ದಿನ ಒಳಗಿಟ್ಟುಕೊಳ್ಳುವುದು ಯಾರಿಗಾಗಿ ಎಂಬುದೇ ಈ ವಿಷಯದಲ್ಲಿ ನನಗೆ ಅತ್ಯಂತ ಸ್ವಾರಸ್ಯದ ಸಂಗತಿ.

ಗಾಳಿಯಾಡದ ಆ ಕತ್ತಲಲ್ಲಿ ಕೆಲಸ ಕೈಯಿಂದ ಕೈಗೆ ದಾಟುತ್ತದೆ. ಮೊದಲ ಗುಂಪಿನ ಬ್ಯಾಕ್ಟೀರಿಯಾಗಳು ನಾರು, ಪಿಷ್ಟ, ಕೊಬ್ಬುಗಳನ್ನು ಸಕ್ಕರೆಯಂಥ ಸಣ್ಣ ತುಣುಕುಗಳಾಗಿ ಒಡೆಯುತ್ತವೆ. ಮುಂದಿನವು ಆ ತುಣುಕುಗಳನ್ನು ಹುಳಿಯಿಸಿ ಬಗೆಬಗೆಯ ಆಮ್ಲಗಳನ್ನು ಮಾಡುತ್ತವೆ. ಮೂರನೆಯ ಗುಂಪು ಆ ಆಮ್ಲಗಳನ್ನು ಅಸಿಟಿಕ್ ಆಮ್ಲಕ್ಕೆ, ಅಂದರೆ ವಿನೆಗರಿನಲ್ಲಿರುವ ಹುಳಿಗೆ ಇಳಿಸುತ್ತದೆ. ಜೊತೆಗೆ ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್ ಹೊರಬರುತ್ತವೆ. ಇಲ್ಲಿಯವರೆಗೆ ಒಲೆ ಉರಿಸಲು ಆಗುವಂಥದ್ದು ಏನೂ ಸಿಕ್ಕಿಲ್ಲ. ಹುಳಿನೀರನ್ನು ಉರಿಯುವ ಮೀಥೇನ್ ಮಾಡುವವರು ಕೊನೆಯ ಗುಂಪಿನವರು. ಅವರು ಬ್ಯಾಕ್ಟೀರಿಯಾಗಳೇ ಅಲ್ಲ, ಆರ್ಕಿಯಾ ಎಂಬ ಬೇರೆಯದೇ ವಂಶದವರು.

ಈ ಆರ್ಕಿಯಾಗಳಲ್ಲಿ ಒಂದು ಬಗೆಯವು ಅಸಿಟಿಕ್ ಆಮ್ಲವನ್ನು ಸೀಳಿ ಮೀಥೇನ್ ಬಿಡುತ್ತವೆ. ಸಾಮಾನ್ಯ ಗುಂಡಿಯಲ್ಲಿ ಮೂರನೆಯ ಎರಡು ಭಾಗದಷ್ಟು ಮೀಥೇನ್ ಬರುವುದು ಈ ದಾರಿಯಿಂದ. ಮೀಥನೊತ್ರಿಕ್ಸ್ ಮತ್ತು ಮೀಥನೊಸಾರ್ಸಿನಾ ಈ ಬಗೆಯ ಎರಡು ಕುಲಗಳು. ಇನ್ನೊಂದು ಬಗೆಯವು ಹೈಡ್ರೋಜನ್ನನ್ನು ಇಂಗಾಲದ ಡೈಆಕ್ಸೈಡಿನೊಂದಿಗೆ ಕೂಡಿಸಿ ಮೀಥೇನ್ ಮಾಡುತ್ತವೆ.

ಎಲ್ಲಕ್ಕಿಂತ ನಿಧಾನಿಗಳೂ ಇವೇ. ಆಮ್ಲ ಮಾಡುವ ಬ್ಯಾಕ್ಟೀರಿಯಾ ಗಂಟೆಗಳ ಲೆಕ್ಕದಲ್ಲಿ ಒಂದಕ್ಕೆರಡಾದರೆ, ಮೀಥನೊತ್ರಿಕ್ಸ್ ಒಂದಕ್ಕೆರಡಾಗಲು ನಾಲ್ಕು ದಿನವಾದರೂ ಬೇಕು, ಕೆಲವೊಮ್ಮೆ ವಾರವೇ ಹಿಡಿಯುತ್ತದೆ. ಅದಕ್ಕೆ ಕಾರಣ ಅವುಗಳ ಪಾಲಿಗೆ ಬರುವ ಸಂಪಾದನೆ. ಅಸಿಟಿಕ್ ಆಮ್ಲದಲ್ಲಿರುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಮೀಥೇನಿನಲ್ಲೇ ಉಳಿದು ಹೊರಗೆ ಹೋಗುತ್ತದೆ. ಆ ಜೀವಿ ತನಗೆಂದು ಇಟ್ಟುಕೊಳ್ಳುವುದು ನೂರರಲ್ಲಿ ಮೂರೋ ನಾಲ್ಕೋ ಪಾಲು. ನಮ್ಮ ಒಲೆ ನೀಲಿಯಾಗಿ ಉರಿಯುವುದು ಅವು ಅಷ್ಟು ಕಡಿಮೆ ತಿನ್ನುವುದರಿಂದ, ಅವು ನಿಧಾನವಾಗಿ ಬೆಳೆಯುವುದೂ ಅದರಿಂದಲೇ. ಈ ಎರಡನ್ನೂ ಒಟ್ಟಿಗೆ ನೋಡಿದಾಗ ನನಗೆ ಆ ಜೀವಿಗಳ ಬಗ್ಗೆ ಗೌರವ ಮೂಡುತ್ತದೆ.

ಹಸುವಿನ ಹೊಟ್ಟೆಯಲ್ಲೂ ಮೀಥೇನ್ ಹುಟ್ಟುತ್ತದೆ, ಆದರೆ ಅಲ್ಲಿಯ ಕಥೆ ಬೇರೆ. ಮೇವು ಮೊದಲ ಹೊಟ್ಟೆಯಲ್ಲಿ ನಿಲ್ಲುವುದು ಒಂದೆರಡು ದಿನ. ಅಸಿಟಿಕ್ ಆಮ್ಲ ತಿನ್ನುವ ನಿಧಾನಿಗಳು ಅಷ್ಟರಲ್ಲಿ ಸಂಸಾರ ಹೂಡಲಾರವು. ಆ ಆಮ್ಲವನ್ನು ಹಸುವೇ ಹೀರಿಕೊಂಡು ಅದರಿಂದ ಹಾಲಿನ ಕೊಬ್ಬು ಮಾಡಿಕೊಳ್ಳುತ್ತದೆ. ಅಲ್ಲಿ ನೆಲೆ ನಿಂತಿರುವುದು ಮುಖ್ಯವಾಗಿ ಹೈಡ್ರೋಜನ್ ತಿನ್ನುವ ಆರ್ಕಿಯಾಗಳು. ಹೊಸ ಗುಂಡಿಗೆ ಬರೀ ಸಗಣಿ ತುಂಬಿದರೂ ಗ್ಯಾಸ್ ಬರುತ್ತದೆ, ಯಾಕೆಂದರೆ ಬೀಜ ಸಗಣಿಯಲ್ಲೇ ಇರುತ್ತದೆ. ಆದರೆ ಅದರಲ್ಲಿ ನಿಧಾನಿಗಳ ಸಂಖ್ಯೆ ತೀರಾ ಕಡಿಮೆ, ಅವು ಹೆಚ್ಚಲು ವಾರಗಳೇ ಬೇಕು. ಮೊದಮೊದಲು ಬರುವ ಗ್ಯಾಸ್ ಹೊತ್ತಿಕೊಳ್ಳದಿದ್ದರೆ ಗಾಬರಿ ಬೇಡ. ಅದರಲ್ಲಿ ಇಂಗಾಲದ ಡೈಆಕ್ಸೈಡೇ ಹೆಚ್ಚು, ಜೊತೆಗೆ ಗುಮ್ಮಟದಲ್ಲಿ ಸಿಕ್ಕಿಕೊಂಡ ಗಾಳಿಯೂ ಇರುತ್ತದೆ. ಗಾಳಿ ಬೆರೆತ ಗ್ಯಾಸಿಗೆ ಬೆಂಕಿ ತೋರಿಸುವುದು ಅಪಾಯ, ಅದನ್ನು ಹೊರಗೆ ಬಿಟ್ಟುಬಿಡಬೇಕು. ಬೇಗ ಆಗಬೇಕೆಂದರೆ ಚೆನ್ನಾಗಿ ನಡೆಯುತ್ತಿರುವ ಪಕ್ಕದ ಮನೆಯ ಗುಂಡಿಯಿಂದ ನಾಲ್ಕು ಡ್ರಮ್ ಬಗ್ಗಡ ತಂದು ಸುರಿಯುವುದೇ ಒಳ್ಳೆಯ ಉಪಾಯ.

ಹೈಡ್ರೋಜನ್ ತಿನ್ನುವವರ ಮಹತ್ವ ತಿಳಿಯಲು ವಿಜ್ಞಾನಿಗಳಿಗೆ ಬಹಳ ಕಾಲ ಹಿಡಿಯಿತು. ಆಲ್ಕೋಹಾಲಿನಿಂದ ಮೀಥೇನ್ ಮಾಡುವ ಒಂದು ಜೀವಿಗೆ ಮೀಥನೊಬ್ಯಾಸಿಲಸ್ ಒಮೆಲಿಯಾನ್ಸ್ಕಿ ಎಂದು ಹೆಸರಿಟ್ಟು ದಶಕಗಳ ಕಾಲ ಅದನ್ನು ಒಂದೇ ಜೀವಿ ಎಂದು ನಂಬಿದ್ದರು. 1967ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಮಾರ್ವಿನ್ ಬ್ರಯಂಟ್ ಮತ್ತು ಸಂಗಡಿಗರು ಅದು ಒಂದಲ್ಲ, ಎರಡು ಎಂದು ತೋರಿಸಿದರು. ಒಂದು ಬ್ಯಾಕ್ಟೀರಿಯಾ ಆಲ್ಕೋಹಾಲನ್ನು ಒಡೆದು ಹೈಡ್ರೋಜನ್ ಬಿಡುತ್ತಿತ್ತು, ಇನ್ನೊಂದು ಆ ಹೈಡ್ರೋಜನ್ನನ್ನು ತಿಂದು ಮೀಥೇನ್ ಮಾಡುತ್ತಿತ್ತು. ಎರಡನ್ನೂ ಬೇರ್ಪಡಿಸಿದಾಗ ಮೊದಲನೆಯದು ಸರಿಯಾಗಿ ಬೆಳೆಯಲಿಲ್ಲ, ತಾನೇ ಬಿಟ್ಟ ಹೈಡ್ರೋಜನ್ ಅದರ ಕೆಲಸವನ್ನು ನಿಲ್ಲಿಸುತ್ತಿತ್ತು. ನಮ್ಮ ಗುಂಡಿಯ ಮೂರನೆಯ ಗುಂಪಿನ ಪಾಡೂ ಇದೇ. ಗುಂಡಿಯಲ್ಲಿ ಹೈಡ್ರೋಜನ್ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಕೆಳಗೇ ಇದ್ದರೆ ಮಾತ್ರ ಪ್ರೊಪಿಯೋನಿಕ್ ಆಮ್ಲದಂಥವು ಕರಗುತ್ತವೆ. ಅದನ್ನು ಆ ಮಟ್ಟದಲ್ಲಿ ಇರಿಸುವವು ಆರ್ಕಿಯಾಗಳು.

ಆ ತಂಡದಲ್ಲಿದ್ದ ರಾಲ್ಫ್ ವುಲ್ಫ್ ಮೀಥೇನ್ ಮಾಡುವ ಜೀವಿಗಳನ್ನು ಬೆಳೆಸುವುದರಲ್ಲಿ ನುರಿತವರು. ಅದೇ ವಿಶ್ವವಿದ್ಯಾಲಯದ ಕಾರ್ಲ್ ವೋಸ್ ಅವುಗಳ ರೈಬೋಸೋಮಿನ ಆರ್‌ಎನ್‌ಎಯನ್ನು ಪರೀಕ್ಷಿಸಿದಾಗ, ಬ್ಯಾಕ್ಟೀರಿಯಾಗಳಲ್ಲಿ ಕಾಣಲೇಬೇಕಾದ ಗುರುತುಗಳು ಸಿಗಲಿಲ್ಲ. 1977ರಲ್ಲಿ ಅವರು ಜಾರ್ಜ್ ಫಾಕ್ಸ್ ಜೊತೆ ಸೇರಿ ಇವು ಜೀವಲೋಕದ ಮೂರನೆಯ ಕವಲು ಎಂದು ಪ್ರಕಟಿಸಿದರು. ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾಗಳಂತೆಯೇ ಕಾಣುವ ಇವುಗಳ ಹೊರಪೊರೆ, ಕೋಶದ ಗೋಡೆ ಎಲ್ಲವೂ ಬೇರೆ ರಚನೆಯವು. ಪೆನ್ಸಿಲಿನ್ ಬ್ಯಾಕ್ಟೀರಿಯಾದ ಗೋಡೆಯನ್ನು ಕೆಡಿಸುತ್ತದೆ, ಇವುಗಳಲ್ಲಿ ಆ ಬಗೆಯ ಗೋಡೆಯೇ ಇಲ್ಲ. ಹಾಗೆಂದು ಕೆಚ್ಚಲುಬಾವಿಗೆ ಔಷಧಿ ಪಡೆದ ಹಸುವಿನ ಸಗಣಿಯನ್ನು ಗುಂಡಿಗೆ ಹಾಕಬಾರದು. ಆರ್ಕಿಯಾ ಉಳಿದರೂ ಅವಕ್ಕೆ ಉಣಿಸುವ ಬ್ಯಾಕ್ಟೀರಿಯಾ ಸಾಯುತ್ತವೆ. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರಂತೂ ಎರಡಕ್ಕೂ ವಿಷ.

ಗುಂಡಿ ಹೇಗೆ ಹುಳಿಯಾಗುತ್ತದೆ ಎಂಬುದನ್ನು ಈಗ ನೋಡಬಹುದು. ಒಂದು ಮನೆಯಲ್ಲಿ ಮದುವೆ. ಉಳಿದ 30 ಕಿಲೋ ಅನ್ನವನ್ನು ಹಾಳು ಮಾಡುವುದೇಕೆಂದು ಗುಂಡಿಗೆ ಸುರಿದರು ಎನ್ನೋಣ. ಅದರಲ್ಲಿ ಒಂಬತ್ತು ಕಿಲೋದಷ್ಟು ಪಿಷ್ಟವಿದೆ, ಪಿಷ್ಟ ಒಂದೆರಡು ದಿನದಲ್ಲೇ ಆಮ್ಲವಾಗುತ್ತದೆ. ದಿನಕ್ಕೆ ಎರಡೂಕಾಲು ಕಿಲೋ ಕೆಲಸಕ್ಕೆ ಒಗ್ಗಿದ ಗುಂಡಿಗೆ ನಾಲ್ಕು ದಿನದ ಕೆಲಸ ಒಮ್ಮೆಲೇ ಬಂತು. ಒಂದು ಸಲಕ್ಕಾದರೆ ಗುಂಡಿ ತಡೆದುಕೊಳ್ಳುತ್ತದೆ. ಸಗಣಿಯ ಬಗ್ಗಡದಲ್ಲಿ ಕರಗಿರುವ ಬೈಕಾರ್ಬೊನೇಟ್, ಅಂದರೆ ಅಡುಗೆ ಸೋಡಾದ ಜಾತಿಯ ಕ್ಷಾರ, ಹೆಚ್ಚಿದ ಹುಳಿಯನ್ನು ಸರಿದೂಗಿಸುತ್ತದೆ. ಆದರೆ ಬೀಗರೂಟ, ಮರುದಿನದ ಪೂಜೆ ಎಂದು ಮೂರು ನಾಲ್ಕು ದಿನ ಹೀಗೇ ಸುರಿದರೆ ಆ ಕ್ಷಾರ ಮುಗಿಯುತ್ತದೆ. ಏಳರ ಆಸುಪಾಸಿನಲ್ಲಿದ್ದ ಪಿಎಚ್ ಆರೂವರೆಗಿಂತ ಕೆಳಗಿಳಿದಾಗ ಆರ್ಕಿಯಾಗಳು ಮಂಕಾಗುತ್ತವೆ. ಹೈಡ್ರೋಜನ್ ತಿನ್ನುವವರಿಲ್ಲದೆ ಅದು ಏರುತ್ತದೆ, ಪ್ರೊಪಿಯೋನಿಕ್ ಆಮ್ಲ ಕರಗದೆ ನಿಲ್ಲುತ್ತದೆ, ಹುಳಿ ಇನ್ನಷ್ಟು ಹೆಚ್ಚುತ್ತದೆ. ಆಮ್ಲ ಮಾಡುವ ಬ್ಯಾಕ್ಟೀರಿಯಾಗಳಿಗೆ ಮಾತ್ರ ಆ ಹುಳಿ ಅಷ್ಟಾಗಿ ತೊಂದರೆ ಕೊಡುವುದಿಲ್ಲ, ಅವು ಕೆಲಸ ಮುಂದುವರಿಸುತ್ತವೆ.

ಇದರಲ್ಲಿ ಮೋಸಹೋಗುವ ಘಟ್ಟ ಒಂದಿದೆ. ಮೊದಲ ದಿನಗಳಲ್ಲಿ ಗ್ಯಾಸ್ ಜಾಸ್ತಿಯೇ ಬರುತ್ತದೆ. ಒತ್ತಡದ ಮಾಪಕ ಏರಿದ್ದು ಕಂಡು ಮನೆಯವರು ಖುಷಿಯಾಗಿ ಇನ್ನಷ್ಟು ಹಾಕುತ್ತಾರೆ. ಹೆಚ್ಚಾದದ್ದು ಇಂಗಾಲದ ಡೈಆಕ್ಸೈಡ್. ಎರಡು ಮೂರು ದಿನ ಕಳೆದರೆ ಉರಿ ಬರ್ನರಿನಿಂದ ಎದ್ದೆದ್ದು ಆರುತ್ತದೆ, ಆಮೇಲೆ ಕಡ್ಡಿ ಗೀರಿದರೂ ಹೊತ್ತುವುದಿಲ್ಲ. ಮಾಪಕ ತುಂಬಿದೆ, ಒಲೆ ಉರಿಯುವುದಿಲ್ಲ ಎಂದಾದರೆ ಪೈಪಿನ ದೋಷ ಹುಡುಕುವ ಮೊದಲು ಬಗ್ಗಡವನ್ನು ಮೂಸಿ ನೋಡಬೇಕು. ಆರೋಗ್ಯದ ಬಗ್ಗಡಕ್ಕೆ ಹೆಚ್ಚು ವಾಸನೆಯಿಲ್ಲ. ಹುಳಿಯಾದದ್ದು ಕೆಟ್ಟ ಬೆಣ್ಣೆಯ ಹಾಗೆ ಕಮಟು ನಾರುತ್ತದೆ. ಪಿಎಚ್ ಕಾಗದ ಅದ್ದಿದರೆ ಖಾತ್ರಿಯಾಗುತ್ತದೆ. ಕ್ಷಾರ ಮುಗಿಯುವವರೆಗೂ ಪಿಎಚ್ ಅಲುಗಾಡುವುದಿಲ್ಲವಾದ್ದರಿಂದ ಕಾಗದ ಕೆಂಪಿಗೆ ತಿರುಗುವ ಹೊತ್ತಿಗೆ ತಡವಾಗಿಯೇ ಇರುತ್ತದೆ. ದೊಡ್ಡ ಸ್ಥಾವರಗಳಲ್ಲಿ ಇದಕ್ಕಾಗಿಯೇ ಆಮ್ಲ ಎಷ್ಟು, ಕ್ಷಾರ ಎಷ್ಟು ಎಂದು ಬೇರೆಯಾಗಿ ಅಳೆಯುತ್ತಾರೆ.

ಹುಳಿಯಾದ ಗುಂಡಿಗೆ ಮೊದಲ ಚಿಕಿತ್ಸೆ ಉಪವಾಸ. ಹೊಸದಾಗಿ ಏನನ್ನೂ ಹಾಕದೆ ಒಂದು ವಾರ ಬಿಟ್ಟರೆ ಉಳಿದ ಆರ್ಕಿಯಾಗಳು ನಿಧಾನವಾಗಿ ಆಮ್ಲ ಕರಗಿಸುತ್ತವೆ. ಪಿಎಚ್ ತೀರಾ ಕೆಳಗಿದ್ದರೆ ಸುಣ್ಣದ ತಿಳಿಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಹಾಕಿ ಪ್ರತಿಸಲವೂ ಕಾಗದದಲ್ಲಿ ನೋಡಬೇಕು. ಒಮ್ಮೆಲೇ ಸುರಿದರೆ ಪಿಎಚ್ ಅತ್ತ ಕಡೆಗೆ ಹಾರಿ ಉಳಿದವೂ ಸಾಯುತ್ತವೆ. ಒಳ್ಳೆಯ ಗುಂಡಿಯ ಬಗ್ಗಡ ಸೇರಿಸಿದರೆ ಚೇತರಿಕೆ ಬೇಗ. ಉರಿ ಮತ್ತೆ ನೀಲಿಯಾಗಿ ನಿಂತ ಮೇಲೆ ಮಾಮೂಲಿನ ಕಾಲುಭಾಗ ಸಗಣಿಯಿಂದ ಶುರುಮಾಡಿ ಎರಡು ಮೂರು ವಾರದಲ್ಲಿ ಪೂರ್ತಿಗೆ ತರಬೇಕು. ಅನ್ನ, ಹಲಸಿನ ಸೊಳೆ, ಬಾಳೆಹಣ್ಣು ಹಾಕಲೇಬೇಕೆಂದರೆ ದಿನಕ್ಕೆ ಎರಡು ಮೂರು ಕಿಲೋ, ಅದೂ ಸಗಣಿಯೊಂದಿಗೆ ಕದಡಿ.

ಚಳಿಗಾಲದಲ್ಲಂತೂ ಎಚ್ಚರ ಹೆಚ್ಚು ಬೇಕು. ಇವು 35 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಚುರುಕು, 20ಕ್ಕಿಂತ ಕೆಳಗೆ ಬಹಳ ಮಂದ. ಮಲೆನಾಡಿನಲ್ಲಿ ಡಿಸೆಂಬರ್‌ ಜನವರಿಯಲ್ಲಿ ಗ್ಯಾಸ್ ಇಳಿದಾಗ ಕೊರತೆ ತುಂಬಲು ಹೆಚ್ಚು ಸಗಣಿ ಹಾಕುವವರಿದ್ದಾರೆ. ಅದರಿಂದ ನಿಧಾನಿಗಳ ಮೇಲೆ ಇನ್ನಷ್ಟು ಹೊರೆ ಬೀಳುತ್ತದೆ. ಬಿಸಿಲಲ್ಲಿ ಕಾದ ನೀರಿನಿಂದ ಸಗಣಿ ಕದಡುವುದು, ಗುಮ್ಮಟದ ಮೇಲೆ ದಪ್ಪಗೆ ಒಣಹುಲ್ಲು ಹೊದೆಸುವುದು ಇದಕ್ಕಿಂತ ಫಲ ಕೊಡುತ್ತದೆ.

ಇಷ್ಟೆಲ್ಲ ಮಾಡಿಯೂ ಗುಂಡಿ ಸುಧಾರಿಸದೆ ಖಾಲಿ ಮಾಡುವ ಪ್ರಸಂಗ ಬಂದರೆ ಯಾರೂ ಒಳಗೆ ಇಳಿಯಬಾರದು. ಇಳಿದವನನ್ನು ಎತ್ತಲು ಇನ್ನೊಬ್ಬ ಇಳಿದು ಇಬ್ಬರೂ ಸತ್ತ ಘಟನೆಗಳು ನಮ್ಮಲ್ಲಿ ಮತ್ತೆ ಮತ್ತೆ ನಡೆದಿವೆ. ಒಳಗೆ ಉಸಿರಾಡಲು ಆಮ್ಲಜನಕವಿರುವುದಿಲ್ಲ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಮೂಗಿನ ಅರಿವನ್ನೇ ಮೊದಲು ಕೊಲ್ಲುತ್ತದೆ, ಆಮೇಲೆ ವಾಸನೆಯೂ ಎಚ್ಚರಿಸುವುದಿಲ್ಲ. ಬಗ್ಗಡವನ್ನು ಮೇಲಿನಿಂದಲೇ ಪಂಪಿನಲ್ಲಿ ಎತ್ತಿಸಬೇಕು.